ಬೊಟ್ಟಿನ ಕೆಳಗಿದ್ದ ಹಸಿರು ಐಕಾನ್

ರಾತ್ರಿ ನಾನು ಮಲಗಿದ್ದಾಗ ಯಾರೋ ನನ್ನ ಅಡುಗೆಮನೆಗೆ ನುಗ್ಗಿ, ಉಪ್ಪಿನ ಡಬ್ಬ ಇದ್ದ ಕಡೆ ಸಕ್ಕರೆ, ಸಕ್ಕರೆ ಇದ್ದ ಕಡೆ ಸೋಡ ಇಟ್ಟು ಹೋದರೆ ನಾನು ಸುಮ್ಮನಿರುವವಳೇ? ಹಲಸೂರಿನ ಬೀದಿಯಲ್ಲಿ ನಿಂತು ಬೈಯುತ್ತೇನೆ. ಆದರೆ ನನ್ನ ಟ್ಯಾಬ್ಲೆಟ್ಟಿನಲ್ಲಿ ಅದನ್ನೇ ಮಾಡಿದವರನ್ನು ಯಾವ ಬೀದಿಯಲ್ಲಿ ನಿಂತು ಬೈಯಲಿ? ಬೆಳಿಗ್ಗೆ ಎದ್ದು ಮುಖ ತೊಳೆದು ಅದನ್ನು ಕೈಗೆ ತೆಗೆದುಕೊಂಡರೆ, ಇದ್ದ ಜಾಗದಲ್ಲಿ ಒಂದೂ ಇಲ್ಲ. ಹಸಿರು, ಕೆಂಪು, ನೀಲಿ ಎಂದು ಬಣ್ಣಬಣ್ಣವಾಗಿದ್ದ ಚಿತ್ರಗಳೆಲ್ಲ ಒಂದೇ ಬೂದಿ ಬಣ್ಣಕ್ಕೆ ತಿರುಗಿ, ಒತ್ತೊತ್ತಾಗಿ ಕೂತಿದ್ದವು. ಸಾಲಿನ ತುದಿಯಲ್ಲಿ ನಾನು ಹುಟ್ಟಿದಾಗಿನಿಂದ ನೋಡದ ಎರಡು ಮೂರು ಹೊಸ ಚಿತ್ರಗಳು ಬೇರೆ.

ಅದೂ ಯಾವ ದಿನ ನೋಡಿ. ತಾಹೇರಾಳಿಗೆ ಫೋನ್ ಮಾಡಬೇಕಾದ ದಿನ.

ತಾಹೇರಾ ಮತ್ತು ನಾನು ರಿಚರ್ಡ್ಸ್ ಟೌನಿನ ಒಂದು ನರ್ಸರಿ ಶಾಲೆಯಲ್ಲಿ ಆಯಾಗಳಾಗಿದ್ದವರು. ನಾನು ಹಲಸೂರಿನಿಂದ ನಡೆದು ಬರುತ್ತಿದ್ದೆ, ಅವಳು ಶಿವಾಜಿನಗರದಿಂದ. ಮಕ್ಕಳ ಮೂಗು ಒರೆಸಿ, ಚಡ್ಡಿ ಬದಲಾಯಿಸಿ, ಸಾಲಾಗಿ ನಿಲ್ಲಿಸಿ ಇಬ್ಬರೂ ಒಟ್ಟಿಗೇ ಮುದುಕಿಯರಾದೆವು. ಅವಳ ಗಂಟಲಿನ ಮುಂದೆ ಶಾಲೆಯ ಗಂಟೆ ಏನೂ ಅಲ್ಲ. ಅವಳು ಗೇಟಿನಲ್ಲಿ ನಿಂತು ಒಂದು ಸಲ ಕೂಗಿದರೆ ಆಟದ ಮೈದಾನ ಖಾಲಿಯಾಗುತ್ತಿತ್ತು. ಮುನಿತಾಯಮ್ಮ ಎಂಬ ನನ್ನ ಹೆಸರು ಉದ್ದವಾಯಿತೆಂದು ಅವಳೇ ಮುನ್ನಿ ಎಂದು ಮಾಡಿದಳು. ಹಾಗೆ ಕರೆಯುವವರು ಈ ಲೋಕದಲ್ಲಿ ಅವಳೊಬ್ಬಳೇ.

ಕೆಲಸ ಬಿಟ್ಟ ಮೇಲೆ ಅವಳು ಮಗಳು ಸಾಮಿಯಾಳ ಜೊತೆ ವಾಣಿಯಂಬಾಡಿಗೆ ಹೋದಳು. ಈಗ ಆ ಗಂಟಲಿಗೇ ಕೆಟ್ಟ ಗಡ್ಡೆ ಬಂದು, ವೇಲೂರಿನ ಒಂದು ಆಸ್ಪತ್ರೆಗೆ ಸೇರಿಸಿದ್ದರು. ಮರುದಿನ ಬೆಳಿಗ್ಗೆ ಆಪರೇಷನ್. ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ, ಕತ್ತಿನಲ್ಲಿ ಉಸಿರಾಡಲು ಒಂದು ತೂತು ಮಾಡುತ್ತಾರೆ, ಆಮೇಲೆ ಅವಳ ದನಿ ಇರುವುದಿಲ್ಲ ಎಂದು ಸಾಮಿಯಾ ನನ್ನ ಮಗನಿಗೆ ಹೇಳಿದ್ದಳು. ತಾಹೇರಾ ಮಾತ್ರ ನನಗೆ ಹೇಳಿದ್ದು ಇಷ್ಟೇ: ಸಂಜೆ ಅಸರ್ ನಮಾಜಿಗೆ ಸಾಮಿಯಾ ಕೆಳಗೆ ಹೋಗುತ್ತಾಳೆ, ಆಗ ನೀನೇ ಮಾಡು, ಅವಳು ಪಕ್ಕದಲ್ಲಿದ್ದರೆ ಮಾತಾಡಬೇಡ ಎಂದು ಪ್ರಾಣ ತಿನ್ನುತ್ತಾಳೆ. ಆ ಸಂಜೆ ಬಿಟ್ಟರೆ ಆ ದನಿಯಲ್ಲಿ ಹೊಸದೊಂದು ಮಾತನ್ನು ನಾನು ಇನ್ನು ಕೇಳುವಂತಿರಲಿಲ್ಲ.

ನನ್ನ ಕಿವಿಯ ಕಥೆಯನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಸಾಮಾನ್ಯ ಫೋನಿನಲ್ಲಿ ಮಾತಾಡಬಾರದಿತ್ತೇ ಎಂದು ನೀವು ಕೇಳುತ್ತೀರಿ. ನನಗೆ ಎರಡೂ ಕಿವಿ ಮಂದ. ಗುಂಡಿ ಫೋನನ್ನು ಕಿವಿಗೆ ಇಟ್ಟರೆ ಆ ಕಡೆಯವರು ಗಂಡೋ ಹೆಣ್ಣೋ ಎಂಬುದೂ ತಿಳಿಯುವುದಿಲ್ಲ, ಬರೀ ಗುಂಯ್ ಎನ್ನುತ್ತದೆ. ಅದಕ್ಕೇ ನನ್ನ ಮೊಮ್ಮಗಳು ನಂದಿತಾ ಎರಡೂ ಕಿವಿಯನ್ನು ಮುಚ್ಚುವಂಥ ದೊಡ್ಡ ಹೆಡ್‌ಫೋನ್ ತಂದುಕೊಟ್ಟಿದ್ದಾಳೆ. ತಂತಿ ಇಲ್ಲ, ಬ್ಲೂಟೂತ್ ಎಂಬುದರಲ್ಲಿ ಟ್ಯಾಬ್ಲೆಟ್ಟಿನ ಸದ್ದು ಅದಕ್ಕೆ ಬರುತ್ತದೆ. ಅದನ್ನು ಹಾಕಿಕೊಂಡು, ಸದ್ದು ಪೂರ್ತಿ ಏರಿಸಿ, ಎದುರಿನವರ ಮುಖವೂ ಕಾಣುತ್ತಿದ್ದರೆ ನನಗೆ ಒಂದೊಂದು ಮಾತೂ ತಿಳಿಯುತ್ತದೆ.

ಇಂಗ್ಲಿಷ್ ಓದಲು ನನಗೆ ಬರುವುದಿಲ್ಲ. ಹಾಗಾಗಿ ಟ್ಯಾಬ್ಲೆಟ್ಟಿಗೆ ನನ್ನದೇ ಒಂದು ವ್ಯವಸ್ಥೆ ಮಾಡಿಕೊಂಡಿದ್ದೆ. ಯಜಮಾನರು ಹೋದ ಮೇಲೆ ನಾನು ಹಣೆಗೆ ಬೊಟ್ಟು ಇಡುವುದನ್ನು ಬಿಟ್ಟಿದ್ದೆ. ಅಂಟಿಸುವ ಬೊಟ್ಟುಗಳ ಪ್ಯಾಕೆಟ್ಟುಗಳು ಬೀರುವಿನಲ್ಲಿ ಹಾಗೇ ಉಳಿದಿದ್ದವು, ಬಿಸಾಡಲು ಮನಸ್ಸಾಗಲಿಲ್ಲ. ಅವನ್ನು ತೆಗೆದು ಟ್ಯಾಬ್ಲೆಟ್ಟಿನ ಗಾಜಿನ ಮೇಲೆ, ಬೇಕಾದ ಚಿತ್ರದ ನೆತ್ತಿಗೆ ಒಂದೊಂದು ಅಂಟಿಸಿದೆ. ದೊಡ್ಡ ಕೆಂಪು ಬೊಟ್ಟಿನ ಕೆಳಗೆ ಹಸಿರು ವಾಟ್ಸಾಪ್. ಮೆರೂನ್ ಬೊಟ್ಟಿನ ಕೆಳಗೆ ಹಾಡು. ಕರಿ ಬೊಟ್ಟಿನ ಕೆಳಗೆ ಫೋಟೋ. ನನ್ನ ಮಗ ಜಗದೀಶ ನೋಡಿ ನಕ್ಕಿದ್ದ. ನಗಲಿ, ಎರಡು ವರ್ಷ ನಾನು ಯಾರನ್ನೂ ಕೇಳದೆ ನಡೆಸಿದೆ.

ಈಗ ಬೊಟ್ಟುಗಳು ಇದ್ದಲ್ಲೇ ಇವೆ, ಕೆಳಗಿನ ಚಿತ್ರಗಳು ಜರುಗಿವೆ. ಕೆಂಪು ಬೊಟ್ಟಿನ ಕೆಳಗೆ ಒತ್ತಿದೆ. ಕ್ಯಾಮೆರಾ ತೆರೆದು, ಹಲ್ಲಿನ ಸೆಟ್ಟು ಹಾಕಿಲ್ಲದ ನನ್ನದೇ ಮುಖ ನನ್ನನ್ನು ನೋಡಿತು. ಮೆರೂನ್ ಕೆಳಗೆ ಒತ್ತಿದರೆ ಗಡಿಯಾರ. ಕರಿ ಬೊಟ್ಟಿನ ಕೆಳಗೆ ಎರಡು ಚಿತ್ರಗಳ ನಡುವಿನ ಖಾಲಿ ಜಾಗ. ನನಗೆ ರೇಗಿಹೋಯಿತು. ಒಂದು ಚಿತ್ರದ ಮೇಲೆ ಹೆಬ್ಬೆರಳು ಇಟ್ಟು ಅದುಮಿಯೇ ಬಿಟ್ಟೆ. ಪುಟ್ಟ ಪಟ್ಟಿಯೊಂದು ತೆರೆದುಕೊಂಡು ಇಂಗ್ಲಿಷಿನಲ್ಲಿ ಏನೇನೋ ಕೇಳಿತು. ಅದರಲ್ಲಿ ಒಂದನ್ನು ಒತ್ತಿದೆ, ಚಿತ್ರ ಮಾಯವಾಯಿತು. ತೊಲಗಿತು ಅಂದುಕೊಂಡು ಪಕ್ಕದ್ದಕ್ಕೂ ಅದನ್ನೇ ಮಾಡಿದೆ, ಅದರ ಪಕ್ಕದ್ದಕ್ಕೂ. ಬೇಡದ್ದೆಲ್ಲ ಹೋದರೆ ನನ್ನವು ತಮ್ಮ ಜಾಗಕ್ಕೆ ಬರುತ್ತವೆ ಎಂದು ನನ್ನ ಲೆಕ್ಕಾಚಾರ. ಆಮೇಲೆ ಹೊಳೆಯಿತು, ಮೂರನೆಯದಾಗಿ ಹೋದದ್ದರೊಳಗೆ ಫೋನಿನ ಗುರುತಿತ್ತು. ಬೂದಿ ಬಣ್ಣದ್ದಾದರೂ ಅದು ನನ್ನ ವಾಟ್ಸಾಪೇ.

ತಾಹೇರಾ ಕಳಿಸಿದ ಮಾತುಗಳೆಲ್ಲ ಅದರಲ್ಲಿದ್ದವು. ಅಳಿಯನ ಮೇಲೆ ಸಿಟ್ಟು ಬಂದರೆ, ಬಿರಿಯಾನಿ ಸೀದುಹೋದರೆ, ಮಂಡಿ ನೋವು ಜಾಸ್ತಿಯಾದರೆ ಅವಳು ಉದ್ದುದ್ದ ವಾಯ್ಸ್ ಮೆಸೇಜ್ ಹಾಕುತ್ತಿದ್ದಳು. ಅವನ್ನೂ ನನ್ನ ಕೈಯಾರೆ ಅಳಿಸಿದೆ ಎಂದುಕೊಂಡು ನಂದಿತಾಳನ್ನು ಕೂಗಿದೆ. ಅವಳು ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಓಡಿಬಂದಳು. ನಾನು ಬಿದ್ದೆ ಅಂದುಕೊಂಡಿದ್ದಳಂತೆ.

ನಂದಿತಾಳಿಗೆ ಕೆ.ಆರ್. ಪುರದ ಕಾಲೇಜಿನಲ್ಲಿ ಅಂದು ಎರಡು ಪರೀಕ್ಷೆ, ಬೆಳಿಗ್ಗೆ ಒಂದು, ಮಧ್ಯಾಹ್ನದಿಂದ ಸಂಜೆಯವರೆಗೆ ಇನ್ನೊಂದು. ಮೆಟ್ರೋ ಹಿಡಿದು ಹೋಗಬೇಕು. ಆದರೂ ಬಾಯಿ ತೊಳೆದು ಬಂದು ನನ್ನ ಪಕ್ಕದಲ್ಲಿ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಳು. ಈ ಹುಡುಗಿಯ ತಾಳ್ಮೆ ನೋಡಿದರೆ ನನಗೆ ಇನ್ನಷ್ಟು ರೇಗುತ್ತದೆ. ಅವರಪ್ಪನ ಹಾಗೆ ಒಂದು ಮಾತು ಬೈದರೆ ನಾನೂ ಎರಡು ಬೈದು ಹಗುರಾಗಬಹುದು. ಇವಳು ಬೈಯುವುದೇ ಇಲ್ಲ.

ನಿನ್ನೆ ಏನಾದರೂ ಒತ್ತಿದೆಯಾ ಅಜ್ಜಿ ಎಂದು ಕೇಳಿದಳು. ಇಲ್ಲ ಎಂದೆ. ಒತ್ತಿದ್ದೆ. ಹಿಂದಿನ ಸಂಜೆ ಪರದೆಯ ಮೇಲೆ ಒಂದು ಚೌಕ ಬಂದು ಏನೋ ಕೇಳಿತ್ತು; ಎರಡು ಉತ್ತರ ಇದ್ದವು, ದಪ್ಪಗೆ ಕಂಡದ್ದನ್ನು ಒತ್ತಿದ್ದೆ. ಅವಳಿಗೆ ಗೊತ್ತಾಯಿತೆಂದು ಕಾಣುತ್ತದೆ, ಆದರೆ ಹೇಳಲಿಲ್ಲ. ಸಾಫ್ಟ್‌ವೇರ್ ಅಪ್‌ಡೇಟ್ ಆಗಿದೆ, ರಾತ್ರಿ ತಾನೇ ಆಫ್ ಆಗಿ ಆನ್ ಆಗಿದೆ, ಎಲ್ಲರದ್ದೂ ಹೀಗೇ ಆಗುತ್ತದೆ ಎಂದಳು. ಎಲ್ಲರದ್ದೂ ಆದರೆ ನನಗೇನು ಸಮಾಧಾನ ಎಂದು ಕೇಳಿದೆ.

ನಾನು ವಾಟ್ಸಾಪನ್ನು ಕೊಂದುಬಿಟ್ಟೆ ಎಂದು ಹೇಳಿದಾಗ ಮಾತ್ರ ಅವಳ ಮುಖ ಒಂದು ಗಳಿಗೆ ಗಂಭೀರವಾಯಿತು. ಪರದೆಯ ತಳದಿಂದ ಬೆರಳನ್ನು ಮೇಲಕ್ಕೆ ಜಾರಿಸಿದಳು. ಮೊದಲ ಪರದೆ ಸರಿದು ಇನ್ನೊಂದು ಬಂತು. ಟ್ಯಾಬ್ಲೆಟ್ಟಿನಲ್ಲಿರುವ ಎಲ್ಲ ಆ್ಯಪ್‌ಗಳೂ ಅಲ್ಲಿ ಎಬಿಸಿಡಿ ಸಾಲಿನಲ್ಲಿ ಇದ್ದವು. ಕೊನೆಗೆ ಹೋದಳು. ಅಲ್ಲಿತ್ತು, ತನ್ನ ಪಾಡಿಗೆ ತಾನು.

"ನೋಡು ಅಜ್ಜಿ, ಮೊದಲ ಪರದೆ ಮೇಲಿರೋದು ಬರೀ ಬೋರ್ಡು. ಅಂಗಡಿ ಇಲ್ಲಿ ಒಳಗಿದೆ. ನೀನು ಬೋರ್ಡ್ ಕಿತ್ತಿದೀಯ ಅಷ್ಟೇ, ಅಂಗಡಿ ಹಾಗೇ ಇದೆ."

ಆ ಪಟ್ಟಿಯಲ್ಲಿ ಎರಡು ಬೇರೆ ಬೇರೆ ಮಾತಿರುತ್ತವಂತೆ. ರಿಮೂವ್ ಒತ್ತಿದರೆ ಪರದೆಯ ಮೇಲಿನ ಚಿತ್ರ ಮಾತ್ರ ಹೋಗುತ್ತದೆ. ಅನ್‌ಇನ್‌ಸ್ಟಾಲ್ ಒತ್ತಿದರೆ ಆ್ಯಪೇ ಹೋಗುತ್ತದೆ, ಅದಕ್ಕೂ ಮುಂಚೆ ನಿಜವಾಗಿಯೂ ಬೇಡವಾ ಎಂದು ಇನ್ನೊಂದು ಸಲ ಕೇಳುತ್ತದೆ. ನಾನು ಒತ್ತಿದ್ದು ರಿಮೂವ್. ನಂದಿತಾ ನನ್ನ ಕಿವಿಗೆ ಹೆಡ್‌ಫೋನ್ ಏರಿಸಿ, ವಾಟ್ಸಾಪ್ ತೆರೆದು ತಾಹೇರಾಳ ಒಂದು ಮೆಸೇಜನ್ನು ಹಚ್ಚಿದಳು. ಮೀನಿನವನಿಗೆ ಬೈದದ್ದು. ನನಗೆ ಅಳು ಬಂತು, ಹಾಳಾದ್ದು ಟ್ಯಾಬ್ಲೆಟ್ಟು ಎಂದು ಅದನ್ನೇ ಬೈದು ಮುಖ ತಿರುಗಿಸಿಕೊಂಡೆ.

ಆಮೇಲೆ ಅವಳು ಆ ಹಸಿರು ಚಿತ್ರದ ಮೇಲೆ ಬೆರಳು ಒತ್ತಿ ಹಿಡಿದು, ಎಳೆದುಕೊಂಡು ಬಂದು ಮೊದಲ ಪರದೆಯ ಮೇಲೆ ಬಿಟ್ಟಳು. ಬೊಟ್ಟುಗಳನ್ನು ಕಿತ್ತು ಹೊಸ ಜಾಗಕ್ಕೆ ಅಂಟಿಸೋಣವಾ ಎಂದು ಕೇಳಿದಳು. ನಾನು ಖಡಾಖಂಡಿತವಾಗಿ ಆಗುವುದಿಲ್ಲ ಎಂದೆ. ಬೊಟ್ಟು ಯಾಕೆ ಜರುಗಬೇಕು? ತಪ್ಪು ಮಾಡಿದ್ದು ಬೊಟ್ಟಲ್ಲ. ಅದನ್ನು ಜರುಗಿಸು ಎಂದೆ.

ಬೇರೆ ಯಾರಾದರೂ ಆಗಿದ್ದರೆ ಟ್ಯಾಬ್ಲೆಟ್ಟನ್ನು ನನ್ನ ಮಡಿಲಿಗೆ ಎಸೆದು ಹೋಗುತ್ತಿದ್ದರು. ಇವಳು ಖಾಲಿ ಜಾಗದ ಮೇಲೆ ಬೆರಳು ಒತ್ತಿ ಹಿಡಿದಳು, ಸೆಟ್ಟಿಂಗ್ ತೆರೆಯಿತು. ಮೊದಲು ಒಂದು ಅಡ್ಡಸಾಲಿನಲ್ಲಿ ಐದು ಚಿತ್ರ ಇರುತ್ತಿದ್ದವು, ಅಪ್‌ಡೇಟ್ ಆದ ಮೇಲೆ ಆರಾಗಿವೆ. ಒಂದೊಂದರ ಮನೆ ಸಣ್ಣದಾದ್ದರಿಂದ ಎಲ್ಲವೂ ಎಡಕ್ಕೆ ಜರುಗಿವೆ ಎಂದು ವಿವರಿಸಿದಳು. ಆರನೆಯ ಮನೆಯಲ್ಲಿ ಬಂದು ಕೂತಿದ್ದ ಹೊಸಬರನ್ನೆಲ್ಲ ರಿಮೂವ್ ಮಾಡಿದಳು. ಅವರನ್ನು ಹಾಗೇ ಬಿಟ್ಟರೆ ಮುಂದಿನ ಪುಟಕ್ಕೆ ಹೋಗಿ ಅಲ್ಲಿ ಗಲಾಟೆ ಮಾಡುತ್ತಾರಂತೆ. ಆಮೇಲೆ ಗ್ರಿಡ್ ಎಂಬಲ್ಲಿ ಐದು ಎಂದು ಆರಿಸಿದಳು. ಚಿತ್ರಗಳು ಅಗಲವಾಗಿ ಸರಿದು ನಿಂತವು. ಕರಿ ಬೊಟ್ಟಿನ ಕೆಳಗೆ ಫೋಟೋ ಬಂದು ಕೂತಿತು, ಮೆರೂನಿನ ಕೆಳಗೆ ಹಾಡು.

ಬೂದಿ ಬಣ್ಣದ್ದೂ ಒಂದು ಕಥೆ. ಪರದೆಯ ಹಿಂದಿನ ಚಿತ್ರ ಯಾವ ಬಣ್ಣವೋ ಅದಕ್ಕೆ ಒಪ್ಪುವಂತೆ ಐಕಾನ್‌ಗಳಿಗೆಲ್ಲ ಒಂದೇ ಬಣ್ಣ ಬಳಿಯುವ ಹೊಸ ಚಾಳಿ ಅದಕ್ಕೆ. ನೋಡಲು ಚೆನ್ನಾಗಿರಲಿ ಎಂದು ಹಾಗೆ ಮಾಡಿದ್ದಾರೆ ಎಂದಳು. ಯಾರ ಕಣ್ಣಿಗೆ ಎಂದು ಕೇಳಿದೆ. ಅದನ್ನೂ ಹುಡುಕಿ ನಿಲ್ಲಿಸಿದಳು, ಹಸಿರು ಮತ್ತೆ ಹಸಿರಾಯಿತು. ಕೆಂಪು ಬೊಟ್ಟಿನ ಕೆಳಗೆ ಮಾತ್ರ ಅವಳು ಇನ್ನೂ ಒಳ್ಳೆಯದೊಂದನ್ನು ಮಾಡಿದಳು. ವಾಟ್ಸಾಪಿನಲ್ಲಿ ತಾಹೇರಾಳ ಪುಟ ತೆರೆದು, ಮೂಲೆಯ ಮೂರು ಚುಕ್ಕಿ ಒತ್ತಿ, ಶಾರ್ಟ್‌ಕಟ್ ಎಂಬುದನ್ನು ಸೇರಿಸಿದಳು. ಗುಂಡಗೆ, ದುಪಟ್ಟಾ ಹೊದ್ದ ತಾಹೇರಾಳ ಮುಖವೇ ಪರದೆಯ ಮೇಲೆ ಬಂತು. ಅದನ್ನು ಎಳೆದು ಕೆಂಪು ಬೊಟ್ಟಿನ ಕೆಳಗಿಟ್ಟು, ಹಸಿರನ್ನು ಪಕ್ಕಕ್ಕೆ ಸರಿಸಿದಳು. ಮುಖ ಮುಟ್ಟು, ಮೇಲೆ ವಿಡಿಯೋ ಕ್ಯಾಮೆರಾದ ಗುರುತು ಒತ್ತು, ಮುಗಿಯಿತು ಎಂದಳು.

ಕೊನೆಗೆ ಇನ್ನು ಏನನ್ನೂ ಅದುಮಿ ಕೀಳಲಾಗದಂತೆ ಪರದೆಗೆ ಬೀಗ ಹಾಕಿದಳು. ಟ್ಯಾಬ್ಲೆಟ್ಟನ್ನು ಅಡ್ಡ ತಿರುಗಿಸಿದರೆ ಚಿತ್ರಗಳೂ ತಿರುಗಿ ಬೊಟ್ಟಿಗೆ ತಪ್ಪುತ್ತಿದ್ದವು, ಅದನ್ನೂ ನಿಲ್ಲಿಸಬೇಕಿತ್ತು. ಅದಕ್ಕೆ ಪರದೆಯ ನೆತ್ತಿಯಿಂದ ಬೆರಳನ್ನು ಕೆಳಕ್ಕೆ ಎಳೆದಳು. ಇಲ್ಲಿಯೂ ಹೊಸದೊಂದು ಬಂದಿತ್ತು. ಮೊದಲೆಲ್ಲ ಎಲ್ಲಿಂದ ಎಳೆದರೂ ಒಂದೇ ಪರದೆ ಇಳಿಯುತ್ತಿತ್ತು. ಬಂದ ಮೆಸೇಜುಗಳೂ ಅಲ್ಲೇ, ಬ್ಲೂಟೂತ್ ವೈಫೈಗಳ ಗುಂಡಿಗಳೂ ಅಲ್ಲೇ. ಈಗ ಅದನ್ನು ಎರಡು ಭಾಗ ಮಾಡಿದ್ದಾರೆ. ಎಡಗಡೆಯಿಂದ ಎಳೆದರೆ ಮೆಸೇಜು ಮಾತ್ರ, ಬಲಮೂಲೆಯಿಂದ ಎಳೆದರೆ ಗುಂಡಿಗಳು. ಇದನ್ನು ಅವಳು ಹೇಳಿದಳು, ನಿಜ. ಆದರೆ ಹೊತ್ತಾಗಿತ್ತು, ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದಳು. ನನ್ನ ಕಿವಿಗೆ ಅರ್ಧ ಬಿತ್ತು.

ಅವಳು ಹೋದ ಮೇಲೆ ನಾನು ಸುಮ್ಮನೆ ಕೂರಬೇಕಿತ್ತು. ಕೂರಲಿಲ್ಲ. ಅಭ್ಯಾಸ ಮಾಡೋಣ ಎಂದು ಮೇಲೆ ಎಲ್ಲೆಲ್ಲಿಂದಲೋ ಎಳೆದೆ, ತಳ್ಳಿದೆ, ಎಳೆದೆ. ಯಾವುದೋ ಗುಂಡಿ ಬೆರಳಿಗೆ ತಾಗಿ ಬಣ್ಣ ಕಳೆದುಕೊಂಡಿತು. ತಿರುಗುವುದನ್ನು ನಿಲ್ಲಿಸಿದ ಗುಂಡಿಯೂ ಹಾಗೇ ಬಣ್ಣವಿಲ್ಲದೆ ಇತ್ತಲ್ಲ, ಇದೂ ಸರಿ ಇರಬೇಕು ಎಂದುಕೊಂಡೆ.

ಸಂಜೆ ನಾನು ಸೀರೆ ಬದಲಾಯಿಸಿ, ತಲೆ ಬಾಚಿ, ಹಲ್ಲಿನ ಸೆಟ್ಟು ಹಾಕಿಕೊಂಡು, ಹೆಡ್‌ಫೋನನ್ನು ಕಿವಿಗೇರಿಸಿ ಕುಳಿತೆ. ಮನಸ್ಸಿನಲ್ಲಿ ಮಾತುಗಳನ್ನು ಜೋಡಿಸಿಟ್ಟುಕೊಂಡಿದ್ದೆ. ನೀನು ಇಲ್ಲದಿದ್ದರೆ ಆ ಶಾಲೆಯಲ್ಲಿ ನಾನು ಒಂದು ವಾರವೂ ಇರುತ್ತಿರಲಿಲ್ಲ ಎನ್ನಬೇಕಿತ್ತು. ಯಜಮಾನರು ಹೋದಾಗ ನೀನು ನನ್ನ ಮನೆಯಲ್ಲಿ ಬಂದು ಮಲಗಿದ್ದನ್ನು ಮರೆತಿಲ್ಲ ಎನ್ನಬೇಕಿತ್ತು. ಮುನ್ನಿ ಅಂತ ಒಂದು ಸಲ ಕೂಗು, ಗೇಟಿನಲ್ಲಿ ನಿಂತು ಕೂಗುತ್ತಿದ್ದೆಯಲ್ಲ ಹಾಗೆ, ಎಂದು ಕೇಳಬೇಕಿತ್ತು.

ಕೆಂಪು ಬೊಟ್ಟಿನ ಕೆಳಗಿನ ಮುಖ ಮುಟ್ಟಿದೆ. ಕ್ಯಾಮೆರಾದ ಗುರುತು ಒತ್ತಿದೆ. ತಾಹೇರಾ ಬಂದಳು. ಆಸ್ಪತ್ರೆಯ ಹಸಿರು ಅಂಗಿ, ಒರಗಿ ಕೂತಿದ್ದಾಳೆ, ಸೊರಗಿದ್ದಾಳೆ. ನನ್ನನ್ನು ನೋಡಿ ನಕ್ಕು ಏನೋ ಹೇಳಿದಳು. ನನಗೆ ಕೇಳಿಸಿದ್ದು ಗುಂಯ್.

ಹೆಡ್‌ಫೋನನ್ನು ತೆಗೆದು ನೋಡಿದೆ. ಅದರ ಪುಟ್ಟ ದೀಪ ಮಿಣುಕುತ್ತಲೇ ಇತ್ತು. ಜೋಡಿಯಾಗಲು ಟ್ಯಾಬ್ಲೆಟ್ಟನ್ನು ಹುಡುಕುತ್ತಿತ್ತು. ಸದ್ದು ಅದಕ್ಕೆ ಬರದೆ ಟ್ಯಾಬ್ಲೆಟ್ಟಿನ ಬೆನ್ನಿನಿಂದ ಹೊರಗೆ ಹೋಗುತ್ತಿತ್ತು. ಮತ್ತೆ ಹಾಕಿಕೊಂಡು ಕೇಳಿಸ್ತಿಲ್ಲ ಕಣೇ ಎಂದೆ. ಅವಳು ಬಾಯಿ ದೊಡ್ಡದು ಮಾಡಿ ಹೇಳಿದಳು. ಗುಂಯ್. ಗುಂಡಿ ಫೋನಿನಿಂದ ನಂದಿತಾಳಿಗೆ ಮಾಡಿದೆ, ಪರೀಕ್ಷೆಯಲ್ಲಿದ್ದವಳ ಫೋನು ಎಲ್ಲಿಂದ ತಗುಲಬೇಕು? ಆ ಗಂಟಲಿನಲ್ಲಿ ಉಳಿದಿದ್ದ ಚೂರುಪಾರು ದನಿ ನನ್ನ ಎದುರಿನಲ್ಲೇ ಗಾಳಿಗೆ ಹೋಗುತ್ತಿತ್ತು, ನನ್ನ ಕಿವಿಗೆ ಒಂದು ಹನಿಯೂ ಇಲ್ಲ. ಆ ಟ್ಯಾಬ್ಲೆಟ್ಟನ್ನು ಗೋಡೆಗೆ ಅಪ್ಪಳಿಸಬೇಕು ಅನ್ನಿಸಿತು, ಅಪ್ಪಳಿಸಿದರೆ ಅವಳೂ ಹೋಗುತ್ತಾಳಲ್ಲ ಎಂದು ಬಿಟ್ಟೆ.

ತಾಹೇರಾಳಿಗೆ ಅರ್ಥವಾಯಿತು. ಅವಳ ಟ್ಯಾಬ್ಲೆಟ್ಟೂ ನನ್ನದರ ಜೋಡಿಯೇ. ಎರಡು ವರ್ಷದ ಹಿಂದೆ ನಂದಿತಾಳೇ ಎರಡನ್ನೂ ಒಟ್ಟಿಗೆ ತರಿಸಿಕೊಟ್ಟಿದ್ದಳು. ಅವಳದಕ್ಕೂ ಈ ಅಪ್‌ಡೇಟ್ ಎಂಬ ಮಾರಿ ಮೊದಲೇ ಬಂದುಹೋಗಿರಬೇಕು. ಕಿವಿ ಮುಟ್ಟಿ ತೋರಿಸಿದಳು, ಆಮೇಲೆ ಬಲಗೈ ಎತ್ತಿ ಮೂಲೆಯಿಂದ ಕೆಳಕ್ಕೆ ಎಳೆದು ತೋರಿಸಿದಳು. ನನ್ನ ಎದುರಿಗೆ ಕೂತವಳ ಬಲಗೈ ನನಗೆ ಎಡಗಡೆ ಕಾಣುತ್ತದೆ. ನಾನು ಎಡಮೂಲೆಯಿಂದ ಎಳೆದೆ. ಮೆಸೇಜುಗಳು ಇಳಿದವು. ಯಾವುದೋ ಅಂಗಡಿಯಲ್ಲಿ ಸೀರೆಗೆ ರಿಯಾಯಿತಿಯಂತೆ.

ತಳ್ಳಿ ವಾಪಸ್ ಬಂದೆ. ಅವಳು ತಲೆ ಅಲ್ಲಾಡಿಸಿ ಮತ್ತೆ ಅದೇ ಕೈ ಎತ್ತಿದಳು. ನಾನು ಮತ್ತೆ ಅದೇ ಎಡಮೂಲೆ ಎಳೆದೆ. ಮತ್ತೆ ಸೀರೆ. ಅವಳು ಹಣೆ ಚಚ್ಚಿಕೊಂಡಳು. ನಾನೂ ಬೈದೆ, ನೀನು ತೋರಿಸಿದ್ದನ್ನೇ ಮಾಡ್ತಿದ್ದೀನಲ್ಲೇ ಎಂದೆ. ಅವಳು ಬಾಯಿಬಿಟ್ಟು ಕೂಗುತ್ತಿದ್ದಳು, ಕತ್ತಿನ ನರ ಉಬ್ಬುತ್ತಿತ್ತು. ಕೂಗಬೇಡ, ಕೂಗಬೇಡ ಎಂದು ನಾನೇ ಕೂಗಿದೆ. ಅವಳು ಬಾಗಿಲ ಕಡೆ ನೋಡಿದಳು. ಸಾಮಿಯಾ ಬರುವ ಹೊತ್ತಾಗುತ್ತಿತ್ತು.

ಆಗ ತಾಹೇರಾ ಕೈ ಇಳಿಸಿದಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಎಡಗೈಯನ್ನು ಮೇಲೆತ್ತಿದಳು. ಅದು ಡ್ರಿಲ್ಲಿನ ಕೈ. ನರ್ಸರಿ ಮಕ್ಕಳ ಮುಂದೆ ನಿಂತು ಬಲಗೈ ಎತ್ತಿ ಎನ್ನುವಾಗ ನಾವು ಎಡಗೈ ಎತ್ತುತ್ತಿದ್ದೆವು. ಎದುರಿಗೆ ನಿಂತ ಮಗು ಕನ್ನಡಿಯಲ್ಲಿ ನೋಡಿದ ಹಾಗೆ ನೋಡಿ ಸರಿಯಾದ ಕೈ ಎತ್ತುತ್ತದೆ. ಹೊಸ ಟೀಚರುಗಳು ಇದನ್ನು ತಿಳಿಯದೆ ಬಲಗೈಯನ್ನೇ ಎತ್ತಿ, ಇಡೀ ಸಾಲು ಎಡಗೈ ಎತ್ತಿ ನಿಂತಾಗ ನಾವಿಬ್ಬರೂ ಹಿಂದೆ ನಿಂತು ನಗುತ್ತಿದ್ದೆವು. ಈಗ ನಾನು ಆ ಸಾಲಿನ ಮಗು. ಅವಳ ಕೈ ಕಂಡ ಕಡೆಯೇ, ಬಲಮೂಲೆಯಿಂದ ಬೆರಳು ಎಳೆದೆ.

ಗುಂಡಿಗಳ ಪರದೆ ಇಳಿಯಿತು. ಬಣ್ಣ ಕಳೆದುಕೊಂಡಿದ್ದ ಗುಂಡಿ ಅಲ್ಲೇ ಇತ್ತು, ಬ್ಲೂಟೂತಿನ ಮೂಲೆ ಮೂಲೆಯ ಗುರುತು. ಮುಟ್ಟಿದೆ, ನೀಲಿಯಾಯಿತು. ಕಿವಿಯಲ್ಲಿ ಟಿಂಗ್ ಎಂದಿತು, ಅದರ ಹಿಂದೆಯೇ ತಾಹೇರಾ ನನ್ನ ತಲೆಯೊಳಗೆ ಬಂದಳು. ಒಡೆದ, ಗೊಗ್ಗರು ದನಿ. ಆದರೂ ಅವಳದೇ.

"ಅರೇ, ಬಲಗಡೆ ಕಣೇ, ಬಲಗಡೆ. ಅಷ್ಟು ಮಕ್ಕಳಿಗೆ ಎಡ ಬಲ ಕಲಿಸಿದೋಳು, ನಿಂಗೇ ಬರಲ್ವಲ್ಲೇ. ಎಷ್ಟು ಸಲ ಹೇಳೋದು, ಕೆಂಪು ಬೊಟ್ಟು ಅಂಟಿಸ್ಕೊಂಡು ಕೂತವ್ಳೆ. ಕೇಳಿಸ್ತಾ ಮುನ್ನಿ? ಕೇಳಿಸ್ತಾ?"

"ಕೇಳಿಸ್ತು," ಎಂದೆ.

"ಹೌ. ಹಂಗಾದ್ರೆ ಸರಿ."

ಅಷ್ಟರಲ್ಲಿ ಅವಳ ಹಿಂದೆ ಬಾಗಿಲು ತೆರೆಯಿತು. ಸಾಮಿಯಾ ಬಂದಳು, ಜೊತೆಗೆ ನರ್ಸಮ್ಮ ಒಬ್ಬರು ಟ್ರೇ ಹಿಡಿದು ಬಂದರು. ಅಮ್ಮೀ ಸಾಕು ಎಂದಳು ಸಾಮಿಯಾ. ಒಂದು ನಿಮಿಷ ಎಂದು ನಾನು ಅಂದೆ, ಅವಳಿಗೆ ಕೇಳಿಸಿತೋ ಇಲ್ಲವೋ. ತಾಹೇರಾ ಕೈಬೀಸಿದಳು. ಮುಖ ಹೋಗಿ ಪರದೆಯ ಮೇಲೆ ಅವಳ ಫೋಟೋ ಉಳಿಯಿತು.

ನಾನು ಜೋಡಿಸಿಟ್ಟುಕೊಂಡ ಮಾತು ಒಂದೂ ಹೊರಗೆ ಬರಲಿಲ್ಲ. ನಂದಿತಾ ಬಂದು ಮಾತಾಡಿದೆಯಾ ಅಜ್ಜಿ, ಏನಂದ್ರು ಎಂದು ಕೇಳಿದಾಗ, ಬಲಗಡೆ ಎಳಿ ಅಂದಳು ಎಂದೆ. ಆಮೇಲೆ ಅಳಲು ಶುರುಮಾಡಿದೆ. ಜನ್ಮವಿಡೀ ಕೇಳಿದ ದನಿಯ ಕಡೆಯ ಮಾತು ಒಂದು ಹಾಳು ಟ್ಯಾಬ್ಲೆಟ್ಟಿನ ಬಗ್ಗೆ ಆಯಿತಲ್ಲ ಎಂದು ಹೊಟ್ಟೆ ಉರಿದುಹೋಯಿತು. ನೀನು ಸರಿಯಾಗಿ ಹೇಳಿಕೊಡಲಿಲ್ಲ, ಚಪ್ಪಲಿ ಹಾಕಿಕೊಂಡು ಹೇಳಿದೆ ಎಂದು ಆ ಮಗುವನ್ನೂ ಬೈದೆ. ಹೌದು ಅಜ್ಜಿ, ಕೂತು ಹೇಳಬೇಕಿತ್ತು ಎಂದಳು. ನಾನೇ ಬ್ಲೂಟೂತಿನ ಗುಂಡಿ ಆಫ್ ಮಾಡಿದ್ದೆ ಎಂಬುದು ಅವಳಿಗೆ ಕೇಳಿದೊಡನೆ ತಿಳಿದಿತ್ತು. ಸಾಮಿಯಾಳಿಗೆ ಮತ್ತೆ ಮಾಡಿದಳು, ತೆಗೆಯಲಿಲ್ಲ. ರಾತ್ರಿಯಿಂದ ತಾಹೇರಾಳಿಗೆ ಏನೂ ಕೊಡುವಂತಿಲ್ಲ, ಮಲಗಿದ್ದಾಳೆ ಎಂದು ಒಂದು ಮೆಸೇಜ್ ಬಂತು. ನಂದಿತಾ ಅದನ್ನು ಓದಿ ಹೇಳಿ, ನನ್ನ ಪಕ್ಕದಲ್ಲೇ ಮಲಗಿದಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಗಡ್ಡೆ ಪೂರ್ತಿ ಬಂದಿದೆ ಎಂದರು ಡಾಕ್ಟರು. ಕೆಲವು ದಿನ ನೋಡಲು ಬಿಡಲಿಲ್ಲ, ಆಮೇಲೆ ಒಂದು ಮಧ್ಯಾಹ್ನ ಸಾಮಿಯಾಳೇ ವಿಡಿಯೋ ಮಾಡಿದಳು. ಊಟ ಮಾಡುತ್ತಿದ್ದ ನಾನು ಎಂಜಲು ಕೈಯಲ್ಲೇ ಬಂದೆ. ನಂದಿತಾ ಹೆಡ್‌ಫೋನ್ ಹಾಕಿ, ಟ್ಯಾಬ್ಲೆಟ್ಟನ್ನು ಹಿಡಿದು ಕೂತಳು.

ತಾಹೇರಾಳ ಮೂಗಿನಲ್ಲಿ ನಳಿಕೆ, ಕತ್ತಿನಲ್ಲಿ ಬಿಳಿ ಬಟ್ಟೆಯ ನಡುವೆ ತೂತು. ನನ್ನನ್ನು ನೋಡಿ ಬಾಯಿ ತೆರೆದಳು, ಮುಚ್ಚಿದಳು. ನಾನು ಆ ಸಂಜೆಗೆಂದು ಜೋಡಿಸಿಟ್ಟಿದ್ದ ಮಾತುಗಳನ್ನೆಲ್ಲ ಆಗ ಹೇಳಿದೆ. ಶಾಲೆಯದು, ಯಜಮಾನರು ಹೋದಾಗಿನದು, ಎಲ್ಲ. ಅವಳ ಕಿವಿ ಚೆನ್ನಾಗಿಯೇ ಇದೆ, ಒಂದೊಂದೂ ಕೇಳಿಸಿಕೊಂಡಳು. ಒಂದು ಸಲವೂ ಅಡ್ಡ ಬರಲಿಲ್ಲ. ಇಷ್ಟು ವರ್ಷದಲ್ಲಿ ನಾನು ಒಂದು ಮಾತನ್ನು ಪೂರ್ತಿ ಮುಗಿಸಲು ಅವಳು ಬಿಟ್ಟವಳಲ್ಲ. ಈಗ ಬಿಟ್ಟಳು, ಅದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

"ಏನಾದ್ರೂ ಬೈಯೇ," ಎಂದೆ.

ಅವಳು ಬೈದಳು. ತುಟಿ ಆಡುತ್ತಿತ್ತು, ಕೈ ಆಡುತ್ತಿತ್ತು. ನನ್ನ ಬೆರಳು ತಾನಾಗಿಯೇ ಹೋಗಿ ಬಲಮೂಲೆಯಿಂದ ಪರದೆ ಎಳೆದು, ಸದ್ದಿನ ಪಟ್ಟಿಯನ್ನು ತುದಿಯವರೆಗೂ ಏರಿಸಿಬಿಟ್ಟಿತು. ಏರಿಸಿದ ಮೇಲೆ ನಾನು ಮಾಡಿದ್ದು ನನಗೇ ತಿಳಿದು ನಾಚಿಕೆಯಾಯಿತು. ನಂದಿತಾ ನೋಡಿದಳು, ಇಳಿಸಲಿಲ್ಲ.

ಹೆಡ್‌ಫೋನಿನಲ್ಲಿ ವಾರ್ಡಿನ ಫ್ಯಾನು ತಿರುಗುವುದು ಕೇಳಿಸಿತು. ಯಾರೋ ಚಪ್ಪಲಿ ಎಳೆದುಕೊಂಡು ಹೋದರು. ಅವೆರಡರ ಹಿಂದೆ ಇನ್ನೊಂದು ಸದ್ದಿತ್ತು, ಗೊರ್ ಎಂದು ಒಳಗೆ ಹೋಗಿ, ಗೊರ್ ಎಂದು ಹೊರಗೆ ಬರುತ್ತಿತ್ತು. ಅದು ಕತ್ತಿನ ತೂತಿನಿಂದ ಬರುತ್ತಿದ್ದ ತಾಹೇರಾಳ ಉಸಿರು. ಅವಳು ಬೈಯುವುದು ಜೋರಾದಂತೆ ಅದೂ ಜೋರಾಗುತ್ತಿತ್ತು.

ತಾಹೇರಾ ನಿಲ್ಲಿಸಿ, ಹುಬ್ಬು ಎತ್ತಿ ನನ್ನನ್ನು ನೋಡಿದಳು.

"ಕೇಳಿಸ್ತು," ಎಂದೆ.